ಕಪ್ಪು ಹಾಳೆಯ ಬಿಳಿ ಚುಕ್ಕೆ: ಅಕ್ಷರವೋ, ಕಲ್ಲಿನ ಕುಳಿಯೋ?

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಜಾಗಗಳಲ್ಲಿ ಅಶೋಕನ ಶಾಸನಗಳಿವೆ. ಒಂದಕ್ಕೊಂದು ಕೆಲವೇ ಕಿಲೋಮೀಟರ್ ದೂರ. 1892ರಲ್ಲಿ ಬಿ. ಎಲ್. ರೈಸ್ ಇವುಗಳನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಬಂಡೆಯನ್ನು ಸುತ್ತಲಿನ ಜನ ಮೊದಲಿನಿಂದಲೂ ‘ಅಕ್ಷರ ಗುಂಡು’ ಎಂದೇ ಕರೆಯುತ್ತಿದ್ದರು. ಅದರ ಮೇಲಿರುವುದು ಬರಹ ಎಂಬುದು ಅವರಿಗೆ ಗೊತ್ತಿತ್ತು, ಓದಲು ಮಾತ್ರ ಯಾರಿಗೂ ಬರುತ್ತಿರಲಿಲ್ಲ.

ಈ ಶಾಸನದ ಪಡಿಯಚ್ಚನ್ನು ಮೊದಲ ಸಲ ನೋಡಿದವರಿಗೆ ಕಾಣುವುದು ನಕ್ಷತ್ರ ತುಂಬಿದ ಆಕಾಶದಂಥ ಒಂದು ಕಪ್ಪು ಹಾಳೆ. ಹಾಳೆಯ ತುಂಬ ಬಿಳಿ ಗೆರೆಗಳು, ಗೆರೆಗಳ ನಡುವೆ ಲೆಕ್ಕವಿಲ್ಲದಷ್ಟು ಬಿಳಿ ಚುಕ್ಕೆಗಳು. ಅದರಲ್ಲಿ ಕೆಲವು ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಉಳಿ ಹಿಡಿದವನು ಬೇಕೆಂದೇ ಮಾಡಿದವು. ಉಳಿದವು ಮಳೆ, ಬಿಸಿಲು ಮತ್ತು ಕಲ್ಲಿನ ಗುಣದಿಂದ ತಾವಾಗಿ ಆದವು. ಎರಡೂ ಒಂದೇ ಬಿಳಿ. ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಶಾಸನ ಓದುವವರ ದೊಡ್ಡ ಕಷ್ಟ. ಈ ಕಷ್ಟ ಬರುವುದು ಹೇಗೆ, ಅದನ್ನು ಬಿಡಿಸಿಕೊಳ್ಳುವುದು ಹೇಗೆ ಎಂಬುದೇ ಈ ಬರಹದ ವಿಷಯ.

ಮಸಿ ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ

ಪಡಿಯಚ್ಚು ತೆಗೆಯುವ ಕೆಲಸ ಶುರುವಾಗುವುದು ನೀರಿನಿಂದ. ಮೊದಲು ಕಲ್ಲಿನ ಮೇಲಿನ ಮಣ್ಣು, ಪಾಚಿ, ಹಾವಸೆಗಳನ್ನು ನೀರು ಹಾಕಿ, ನಾರಿನ ಬ್ರಷ್‌ನಿಂದ ಉಜ್ಜಿ ತೆಗೆಯುತ್ತಾರೆ. ತಂತಿಯ ಬ್ರಷ್ ಮುಟ್ಟುವಂತಿಲ್ಲ, ಅದು ಹೊಸ ಗೀರು ಎಳೆದುಬಿಡುತ್ತದೆ. ಆಮೇಲೆ ಬರಹಕ್ಕಿಂತ ಸ್ವಲ್ಪ ದೊಡ್ಡದಾದ, ಗಟ್ಟಿಯಾದರೂ ನೀರು ಹೀರುವ ಕಾಗದವನ್ನು ನೆನೆಸಿ ಕಲ್ಲಿನ ಮೇಲೆ ಹರಡುತ್ತಾರೆ. ಕಾಗದದ ಅಡಿಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ನಡುವಿನಿಂದ ಅಂಚಿಗೆ ತಳ್ಳುತ್ತ, ಒತ್ತೊತ್ತಾದ ಕೂದಲಿನ ಬ್ರಷ್‌ನಿಂದ ಮೇಲಿನಿಂದ ಬಡಿಯುತ್ತಾರೆ. ಬಡಿದಂತೆಲ್ಲ ಒದ್ದೆ ಕಾಗದ ಅಕ್ಷರದ ತಗ್ಗಿನೊಳಕ್ಕೆ ಇಳಿದು ಅದರ ತಳಕ್ಕೆ ಅಂಟಿಕೊಳ್ಳುತ್ತದೆ. ಎಲ್ಲಾದರೂ ಕಾಗದ ಹರಿದರೆ ಅದೇ ಕಾಗದದ ಒದ್ದೆ ಚೂರೊಂದನ್ನು ಮೇಲಿಟ್ಟು ಮತ್ತೆ ಬಡಿಯುತ್ತಾರೆ.

ಇನ್ನು ಕಾಯಬೇಕು. ಕಾಗದದ ಮೇಲಿನ ನೀರಿನ ಹೊಳಪು ಹೋಗಿರಬೇಕು, ಆದರೆ ಒಳಗಿನ ತೇವ ಪೂರ್ತಿ ಆರಿರಬಾರದು. ಆ ಹದ ಬಂದಾಗ ಮಸಿಯ ಸರದಿ. ದೀಪದ ಕಪ್ಪಿಗೆ ಗೋಂದು ಬೆರೆಸಿದ ಮಸಿಯನ್ನು ಒಂದು ಹಲಗೆಯ ಮೇಲೆ ತೆಳ್ಳಗೆ ಸವರಿ, ಹತ್ತಿಯನ್ನು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿದ ಉಂಡೆಯನ್ನು ಅದಕ್ಕೆ ತಾಗಿಸಿ, ಬೇರೆ ಕಾಗದದ ಮೇಲೆ ಒತ್ತಿ ನೋಡಿ, ಬಳಿಕ ಕಲ್ಲಿನ ಮೇಲಿನ ಕಾಗದಕ್ಕೆ ಹಗುರವಾಗಿ ತಟ್ಟುತ್ತ ಹೋಗುತ್ತಾರೆ. ಒಂದೇ ಸಲಕ್ಕೆ ಕಪ್ಪಾಗಬಾರದು. ತೆಳುವಾಗಿ ಹಲವು ಸಲ ತಟ್ಟಿದರೇ ಚೆನ್ನ. ಉಂಡೆ ಕಲ್ಲಿನ ಮೇಲ್ಮೈಗೆ ಮಾತ್ರ ತಾಗುತ್ತದೆ, ತಗ್ಗಿಗೆ ಇಳಿದ ಕಾಗದಕ್ಕೆ ಮುಟ್ಟುವುದಿಲ್ಲ. ಹೀಗೆ ಕಲ್ಲಿನ ಮೈ ಕಪ್ಪಾಗುತ್ತದೆ, ಕೆತ್ತಿದ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಕಾಗದದ ಮೇಲ್ಬದಿಗೇ ಮಸಿ ಹಚ್ಚುವುದರಿಂದ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗದೆ, ನೇರವಾಗಿಯೇ ಬರುತ್ತದೆ.

ಈ ಕೆಲಸದಲ್ಲಿ ಮಸಿಗೆ ಗೊತ್ತಿರುವುದು ಎತ್ತರ ಮತ್ತು ತಗ್ಗು ಎರಡೇ. ತಗ್ಗು ಉಳಿಯಿಂದ ಆದದ್ದೋ, ಮಳೆಯಿಂದ ಆದದ್ದೋ ಎಂದು ಅದು ಕೇಳುವುದಿಲ್ಲ. ಪಡಿಯಚ್ಚು ಬರಹದ ಚಿತ್ರವೆಂದು ನಾವು ಭಾವಿಸುತ್ತೇವೆ. ನಿಜವಾಗಿ ಅದು ಕಲ್ಲಿನ ಮೈಯ ಏರುತಗ್ಗುಗಳ ಚಿತ್ರ. ಆ ಏರುತಗ್ಗುಗಳಲ್ಲಿ ಒಂದು ಪಾಲು ಮಾತ್ರ ಬರಹ.

ಚುಕ್ಕೆ ಎಲ್ಲಿಂದ ಬರುತ್ತದೆ

ಬ್ರಹ್ಮಗಿರಿಯ ಸುತ್ತಲಿನದು ಗ್ರಾನೈಟ್ ಗುಂಡುಗಳ ಸೀಮೆ. ಗ್ರಾನೈಟ್ ಒಂದೇ ವಸ್ತುವಿನ ಕಲ್ಲಲ್ಲ. ಗಾಜಿನಂತೆ ಕಾಣುವ ಕ್ವಾರ್ಟ್ಸ್ ಅಥವಾ ಬೆಣಚಿನ ಹರಳು, ಬಿಳಿ ಇಲ್ಲವೆ ನಸುಗೆಂಪಿನ ಫೆಲ್ಡ್‌ಸ್ಪಾರ್, ಕಪ್ಪು ಅಭ್ರಕ ಇವೆಲ್ಲ ಹೆಣೆದುಕೊಂಡು ಅದು ಆಗಿದೆ. ಹವೆಗೆ ಇವು ಒಂದೇ ರೀತಿ ಸವೆಯುವುದಿಲ್ಲ. ಫೆಲ್ಡ್‌ಸ್ಪಾರ್ ನಿಧಾನವಾಗಿ ಜೇಡಿಯಾಗುತ್ತದೆ, ಅಭ್ರಕ ಪದರ ಪದರವಾಗಿ ಬಿಡುತ್ತದೆ, ಬೆಣಚು ಹಾಗೇ ನಿಲ್ಲುತ್ತದೆ. ಹೀಗಾಗಿ ಹಳೆಯ ಗ್ರಾನೈಟ್ ಬಂಡೆಯ ಮೈಯಲ್ಲಿ ಕಾಳಿನ ಗಾತ್ರದ ಕುಳಿಗಳು ಏಳುತ್ತವೆ. ಪ್ರತಿ ಕುಳಿಯೂ ಪಡಿಯಚ್ಚಿನಲ್ಲಿ ಒಂದು ಬಿಳಿ ಚುಕ್ಕೆ. ಎರಡು ಮೂರು ಕುಳಿಗಳು ಕೂಡಿಕೊಂಡರೆ ಅದೇ ಒಂದು ಗಿಡ್ಡ ಗೆರೆ.

ಇದರ ವಿರುದ್ಧ ದಿಕ್ಕಿನ ಮೋಸವೂ ಒಂದಿದೆ, ಅದನ್ನು ಗಮನಿಸುವವರು ಕಡಿಮೆ. ಕೆತ್ತಿದ ಗೆರೆಯ ತಳದಲ್ಲೇ ಬೆಣಚಿನ ಹರಳೊಂದು ಸವೆಯದೆ ಉಬ್ಬಿಕೊಂಡು ನಿಂತಿದ್ದರೆ ಮಸಿ ಅದರ ತಲೆಗೆ ತಾಗುತ್ತದೆ. ಆಗ ಬಿಳಿ ಗೆರೆಯ ನಡುವೆ ಕಪ್ಪು ಚುಕ್ಕೆ ಬಿದ್ದು, ಒಂದು ಗೆರೆ ಎರಡು ತುಂಡಾಗಿ ಕಾಣುತ್ತದೆ. ಇಲ್ಲದ ಗೆರೆ ಕಾಣುವುದು, ಇರುವ ಗೆರೆ ಮುರಿಯುವುದು ಎರಡೂ ಒಂದೇ ಹಾಳೆಯಲ್ಲಿ ನಡೆಯುತ್ತಿರುತ್ತವೆ.

ಕೆತ್ತನೆ ಹೊಸದಾಗಿದ್ದಾಗ ಈ ತೊಂದರೆ ಇರುವುದಿಲ್ಲ. ಆಗ ಅಕ್ಷರ ಆಳ, ಕುಳಿ ಮೇಲುಮೇಲೆ. ಕಾಲ ಕಳೆದಂತೆ ಅಕ್ಷರದ ಅಂಚು ಸವೆದು ಅದು ಆಳ ಕಳೆದುಕೊಳ್ಳುತ್ತದೆ, ಕುಳಿ ಆಳವಾಗುತ್ತ ಬರುತ್ತದೆ. ಎರಡರ ಆಳವೂ ಸಮವಾದ ದಿನದಿಂದ ಪಡಿಯಚ್ಚು ಅವನ್ನು ಬೇರೆ ಮಾಡಿ ತೋರಿಸಲಾರದು. ಜಟಿಂಗ ರಾಮೇಶ್ವರದ ಬಂಡೆಯದು ಇದೇ ಪಾಡು. ಜನ ಅದನ್ನು ‘ಬಳೆಗಾರ ಗುಂಡು’ ಎನ್ನುತ್ತಾರೆ. ಮೂರರಲ್ಲಿ ಹೆಚ್ಚು ಸವೆದಿರುವ ಶಾಸನ ಅದು.

ಕಲ್ಲಿನದಲ್ಲದ, ಕಾಗದದ ತಪ್ಪುಗಳೂ ಉಂಟು. ಒಳಗೆ ಗಾಳಿ ಉಳಿದರೆ ಅಲ್ಲಿ ಮಂಕಾದ ಬೂದು ಕಲೆ ಬೀಳುತ್ತದೆ. ಕಾಗದ ಮಡಿಚಿದ್ದರೆ ಉದ್ದನೆಯ ಬಿಳಿ ಗೀರು ಬರುತ್ತದೆ, ಅದರ ಒಂದು ಪಕ್ಕದಲ್ಲಿ ಮಸಿ ದಟ್ಟವಾಗಿರುತ್ತದೆ. ತೇವ ಹೆಚ್ಚಿದ್ದರೆ ಮಸಿ ತಗ್ಗಿಗೆ ಹರಿದು ಸಣ್ಣ ಗೆರೆಗಳನ್ನು ನುಂಗಿಬಿಡುತ್ತದೆ. ಬೇಗ ಆರಿಬಿಟ್ಟರೆ ಕಾಗದ ತಗ್ಗಿನಿಂದ ಎದ್ದುಬಂದು ಅಕ್ಷರವೇ ಕಪ್ಪಾಗುತ್ತದೆ. ಇವು ಕೈಯ ತಪ್ಪುಗಳು. ಅದೇ ಕಲ್ಲಿನಿಂದ ಎರಡನೆಯ ಪಡಿಯಚ್ಚು ತೆಗೆದರೆ ಇವು ಅದೇ ಜಾಗದಲ್ಲಿ ಮತ್ತೆ ಬರುವುದಿಲ್ಲ. ಎರಡೂ ಹಾಳೆಯಲ್ಲಿ ಒಂದೇ ಕಡೆ ಕಾಣುವ ಬಿಳಿ ಚುಕ್ಕೆ ಕಲ್ಲಿನಲ್ಲಿ ಇದೆ ಎಂದು ಅಷ್ಟರ ಮಟ್ಟಿಗೆ ನಂಬಬಹುದು. ಅದು ಅಕ್ಷರವೇ ಎಂಬ ಪ್ರಶ್ನೆ ಆಗಲೂ ಉಳಿದಿರುತ್ತದೆ.

ಚುಕ್ಕೆಯೇ ಅಕ್ಷರವಾದ ಲಿಪಿ

ಅಶೋಕನ ಬ್ರಾಹ್ಮಿ ಲಿಪಿಯಲ್ಲಿ ಈ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಆ ಲಿಪಿಯ ಅಕ್ಷರಗಳು ನಮ್ಮ ಕನ್ನಡದಂತೆ ಬಳುಕಿಲ್ಲ, ತಲೆಕಟ್ಟಿಲ್ಲ. ನೇರ ಗೆರೆ, ವೃತ್ತ, ಕೋನ, ಚುಕ್ಕೆ ಇಷ್ಟರಲ್ಲೇ ಎಲ್ಲವೂ ಮುಗಿಯುತ್ತದೆ. ಅನುಸ್ವಾರಕ್ಕೆ ಅಕ್ಷರದ ಪಕ್ಕ ಒಂದು ಚುಕ್ಕೆ. ‘ರ’ ಎಂದರೆ ಒಂದು ನಿಂತ ಗೆರೆ. ‘ಠ’ ಎಂದರೆ ಬರೀ ವೃತ್ತ, ಅದರ ನಡುವೆ ಚುಕ್ಕೆ ಇಟ್ಟರೆ ‘ಥ’. ಪದದ ಮೊದಲಿಗೆ ಬರುವ ‘ಇ’ಗೆ ಗೆರೆಯೇ ಇಲ್ಲ, ಅದು ಮೂರು ಚುಕ್ಕೆ ಮಾತ್ರ. ಅಕ್ಷರದ ತಲೆಯಲ್ಲಿ ಒಂದು ಸಣ್ಣ ಕಡ್ಡಿ ಎದ್ದರೆ ಹ್ರಸ್ವ ಇಕಾರ, ಇನ್ನೊಂದು ಕಡ್ಡಿ ಸೇರಿದರೆ ದೀರ್ಘ. ಕುಳಿ ಬಿದ್ದ ಗ್ರಾನೈಟ್ ಮೇಲೆ ಇಂಥ ಲಿಪಿಯನ್ನು ಓದುವಾಗ ಕಲ್ಲು ತಾನಾಗಿಯೇ ಅನುಸ್ವಾರ ಹಾಕಬಲ್ಲದು, ದೀರ್ಘ ಕೊಡಬಲ್ಲದು, ‘ಠ’ವನ್ನು ‘ಥ’ ಮಾಡಬಲ್ಲದು.

ಬ್ರಹ್ಮಗಿರಿ ಶಾಸನದ ಮೊದಲ ವಾಕ್ಯವನ್ನೇ ನೋಡೋಣ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸುತ್ತಾರೆ ಎಂಬುದು ಅದರ ಹುರುಳು. ಇಲ್ಲಿ ಬರುವ ‘ಇಸಿಲಸಿ’, ಎಂದರೆ ‘ಇಸಿಲದಲ್ಲಿ’ ಎಂಬ ಪದ ಮುಖ್ಯವಾದದ್ದು. ಕನ್ನಡ ನಾಡಿನ ನೆಲದಲ್ಲಿ ಬರಹಕ್ಕೆ ಸಿಕ್ಕಿದ ಅತಿ ಹಳೆಯ ಊರಹೆಸರುಗಳಲ್ಲಿ ಇಸಿಲ ಒಂದು. ಆ ಹೆಸರು ಶುರುವಾಗುವುದೇ ಮೂರು ಚುಕ್ಕೆಗಳಿಂದ. ಚುಕ್ಕೆಗಳನ್ನು ಕಲ್ಲಿನ ಕುಳಿ ಎಂದು ಬಿಟ್ಟರೆ ಊರು ‘ಸಿಲ’ ಆಗುತ್ತದೆ. ಬೇರೆಲ್ಲೋ ಇರುವ ಮೂರು ಕುಳಿಗಳನ್ನು ಅಕ್ಷರವೆಂದು ಹಿಡಿದರೆ ಇಲ್ಲದ ‘ಇ’ ಹುಟ್ಟುತ್ತದೆ.

ಈ ಮೂರು ಚುಕ್ಕೆಗಳು ಉಳಿಯವೇ ಎಂದು ತೀರ್ಮಾನಿಸಲು ಓದುವವರು ಒಂದೊಂದಾಗಿ ಸಾಕ್ಷಿ ಕೇಳುತ್ತಾರೆ. ಮೊದಲ ಸಾಕ್ಷಿ ಅಳತೆ. ಉಳಿ ಹಿಡಿದ ಕೈ ಇಟ್ಟ ಮೂರು ಚುಕ್ಕೆಗಳು ಹೆಚ್ಚುಕಡಿಮೆ ಒಂದೇ ಗಾತ್ರ, ಒಂದೇ ಅಂತರದಲ್ಲಿರುತ್ತವೆ. ಮಳೆ ತೋಡಿದ ಕುಳಿಗಳಿಗೆ ಆ ಶಿಸ್ತು ಇಲ್ಲ, ಒಂದು ಸಾಸಿವೆಯಷ್ಟಿದ್ದರೆ ಪಕ್ಕದ್ದು ಕಡಲೆಯಷ್ಟಿರುತ್ತದೆ. ಎರಡನೆಯದು ಜಾಗ. ಅಕ್ಷರದ ಚುಕ್ಕೆ ಸಾಲಿನ ಮೇಲಂಚು ಮತ್ತು ಕೆಳಂಚಿನ ನಡುವೆ, ಹಿಂದಿನ ಅಕ್ಷರಕ್ಕೆ ಸರಿಯಾದ ದೂರದಲ್ಲಿ ನಿಲ್ಲುತ್ತದೆ. ಕುಳಿಗೆ ಸಾಲಿನ ಹಂಗಿಲ್ಲ. ಎರಡು ಸಾಲುಗಳ ನಡುವಿನ ಖಾಲಿ ಜಾಗದಲ್ಲೂ ಅದೇ ಬಗೆಯ ಚುಕ್ಕೆಗಳು ಅಷ್ಟೇ ದಟ್ಟವಾಗಿ ಕಂಡರೆ, ಸಾಲಿನೊಳಗೆ ಕಾಣುವ ಚುಕ್ಕೆಗಳ ಮೇಲೆ ನಂಬಿಕೆ ಕಡಿಮೆ ಮಾಡಬೇಕು. ಪಡಿಯಚ್ಚು ಓದಲು ಕೂತಾಗ ನಾನು ಮೊದಲು ನೋಡುವುದು ಅಕ್ಷರಗಳನ್ನಲ್ಲ, ಬರಹವಿಲ್ಲದ ಅಂಚನ್ನು. ಆ ಕಲ್ಲು ತಾನಾಗಿ ಎಂಥ ಚುಕ್ಕೆ ಹಾಕುತ್ತದೆ ಎಂಬುದನ್ನು ಅಂಚು ಹೇಳಿಕೊಡುತ್ತದೆ.

ಮೂರನೆಯದು ಅದೇ ಕೈಯ ಬೇರೆ ಉದಾಹರಣೆ. ಈ ಶಾಸನದಲ್ಲಿ ಮುಂದೆ ‘ಇಯಂ’, ಅಂದರೆ ‘ಇದು’ ಎಂಬ ಪದ ಬರುತ್ತದೆ. ಅಲ್ಲಿಯ ‘ಇ’ಯ ಮೂರು ಚುಕ್ಕೆಗಳು ಹೇಗೆ ಕೂತಿವೆಯೋ ಹಾಗೆಯೇ ‘ಇಸಿಲ’ದ ಚುಕ್ಕೆಗಳೂ ಕೂತಿದ್ದರೆ ಸಂಶಯ ಬಹಳ ಮಟ್ಟಿಗೆ ಕಳೆಯುತ್ತದೆ. ನಾಲ್ಕನೆಯದು ಪಕ್ಕದ ಊರಿನ ಪ್ರತಿ. ಸಿದ್ದಾಪುರದ ಶಾಸನವೂ ಇದೇ ಒಕ್ಕಣೆಯಿಂದ ಶುರುವಾಗುತ್ತದೆ, ಅಲ್ಲಿಯೂ ಇಸಿಲದ ಹೆಸರಿದೆ. ಎರಡು ಬೇರೆ ಬೇರೆ ಬಂಡೆಗಳ ಕುಳಿಗಳು ಒಂದೇ ಪದದ ಒಂದೇ ಜಾಗದಲ್ಲಿ ಮೂರು ಮೂರಾಗಿ ಏಳುವುದು ಆಗದ ಮಾತು. ಇಸಿಲ ಎಂಬ ಹೆಸರು ಗಟ್ಟಿಯಾಗಿ ನಿಂತಿರುವುದು ಇಂಥ ಸಾಕ್ಷಿಗಳೆಲ್ಲ ಒಂದೇ ಕಡೆ ತೋರಿಸುವುದರಿಂದ.

ಎಲ್ಲ ಕಡೆಯೂ ಇಷ್ಟು ಸಲೀಸಲ್ಲ. ಇದೇ ಶಾಸನದಲ್ಲಿ ‘ಅಠೆ’ ಎಂಬ ಪದವಿದೆ. ಅದು ಸಂಸ್ಕೃತದ ‘ಅರ್ಥ’ದಿಂದ ಬಂದದ್ದು, ಇಲ್ಲಿ ವಿಷಯ ಎಂಬ ಅರ್ಥದಲ್ಲಿ ಬಳಕೆಯಾಗಿದೆ. ಅದರ ‘ಠ’ ಬರೀ ವೃತ್ತ. ವೃತ್ತದ ನಡುವೆ ಒಂದು ಕುಳಿ ಬಿದ್ದರೆ ಪದ ‘ಅಥೆ’ ಆಗುತ್ತದೆ. ವ್ಯಾಕರಣ ನೋಡಿ ಸರಿಪಡಿಸೋಣ ಎಂದರೆ ಅದೂ ಆಗುವುದಿಲ್ಲ, ಏಕೆಂದರೆ ಪ್ರಾಕೃತಗಳಲ್ಲಿ ಎರಡು ರೂಪಗಳೂ ಉಂಟು, ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತವೆ. ಇಲ್ಲಿ ಚುಕ್ಕೆ ಇದೆಯೋ ಇಲ್ಲವೋ ಎಂಬುದೇ ಈ ಭಾಗದ ಬರಹಗಾರ ಯಾವ ಬಗೆಯ ಪ್ರಾಕೃತ ಬರೆದ ಎಂಬುದಕ್ಕೆ ಆಧಾರ. ಭಾಷೆಯಿಂದ ಚುಕ್ಕೆಯನ್ನು ತೀರ್ಮಾನಿಸಿ, ಮತ್ತೆ ಅದೇ ಚುಕ್ಕೆಯಿಂದ ಭಾಷೆಯನ್ನು ತೀರ್ಮಾನಿಸಿದರೆ ಸುತ್ತಿ ಸುತ್ತಿ ಅದೇ ಜಾಗಕ್ಕೆ ಬಂದು ನಿಲ್ಲುತ್ತೇವೆ. ಪಕ್ಕದ ಪ್ರತಿಯನ್ನು ನೋಡಿ ತುಂಬಿಕೊಳ್ಳುವುದರಲ್ಲೂ ಈ ಅಪಾಯವಿದೆ. ಒಂದೇ ಆಜ್ಞೆಯ ಪ್ರತಿಗಳಲ್ಲೂ ಕಾಗುಣಿತ ಬೇರೆಯಾಗುವುದುಂಟು, ಆ ವ್ಯತ್ಯಾಸವೇ ವಿದ್ವಾಂಸರಿಗೆ ಬೇಕಾದದ್ದು.

ಹಾಳೆಯ ಹಿಂಬದಿ, ಓರೆ ಬೆಳಕು

ಇಂಥ ಕಡೆ ಪಡಿಯಚ್ಚಿನ ಕಪ್ಪುಬಿಳುಪನ್ನು ಬಿಟ್ಟು ಆಳವನ್ನು ಹುಡುಕಬೇಕು. ಅದಕ್ಕೆ ಹಾಳೆಯಲ್ಲೇ ಒಂದು ದಾರಿಯಿದೆ. ಚೆನ್ನಾಗಿ ಬಡಿದು ತೆಗೆದ ಪಡಿಯಚ್ಚನ್ನು ಹಿಂದುಮುಂದು ಮಾಡಿ, ಕಲ್ಲಿಗೆ ತಾಗಿದ್ದ ಬದಿಯನ್ನು ನೋಡಿದರೆ ಅಕ್ಷರಗಳು ತಿರುಗಿ, ಉಬ್ಬಿಕೊಂಡು ಕಾಣುತ್ತವೆ. ಬೆರಳ ತುದಿಯಿಂದ ಹಗುರವಾಗಿ ಸವರಿದರೆ ಉಳಿಯ ಗೆರೆ ಉದ್ದಕ್ಕೂ ಒಂದೇ ಎತ್ತರದ ಏಣಿನಂತೆ ಕೈಗೆ ಸಿಗುತ್ತದೆ. ಕುಳಿ ಮೊಡವೆಯಂತೆ ಒಂದೇ ಕಡೆ ಚುಚ್ಚಿ ಮಾಯವಾಗುತ್ತದೆ. ಹಾಳೆಗಳನ್ನು ಬಿಗಿಯಾಗಿ ಮಡಿಚಿ ಒಂದರ ಮೇಲೊಂದು ಪೇರಿಸಿಟ್ಟರೆ ಈ ಉಬ್ಬು ಚಪ್ಪಟೆಯಾಗಿ ಮಸಿ ಮಾತ್ರ ಉಳಿಯುತ್ತದೆ. ಹಾಳೆಯ ಮೇಲೆ ಭಾರ ಹೇರಬಾರದು ಎನ್ನುವುದು ಇದಕ್ಕೇ.

ಇನ್ನೊಂದು ದಾರಿ ಕಲ್ಲಿನ ಬಳಿಗೆ ಹೋಗುವುದು. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಸವೆದ ಅಕ್ಷರ ಕಾಣುವುದೇ ಇಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ತಗ್ಗಿನ ಒಂದು ಅಂಚಿಗೆ ನೆರಳು, ಎದುರಿನ ಅಂಚಿಗೆ ಹೊಳಪು ಬರುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ಸಮವಾಗಿ ಹಿಡಿದು, ಸುತ್ತ ಒಂದೊಂದು ದಿಕ್ಕಿನಿಂದ ಬೆಳಕು ಬಿಟ್ಟು ಫೋಟೊ ತೆಗೆದರೆ ಇನ್ನೂ ಒಳ್ಳೆಯದು. ದಿಕ್ಕು ಬದಲಾಯಿಸುವುದು ಏಕೆಂದರೆ, ಗೆರೆಯ ಉದ್ದಕ್ಕೇ ಬೆಳಕು ಬಿದ್ದರೆ ಆ ಗೆರೆಗೆ ನೆರಳಿಲ್ಲ, ಅದು ಮರೆಯಾಗುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಅಂಥ ಸ್ಕ್ಯಾನ್‌ನಲ್ಲಿ ಪ್ರತಿ ಬಿಂದುವಿನ ಆಳವೂ ದಾಖಲಾಗುವುದರಿಂದ ಗೆರೆಯ ತಳ ಹೇಗಿದೆ, ಅಂಚು ಹೇಗಿದೆ ಎಂದು ಕಂಪ್ಯೂಟರಿನಲ್ಲೇ ಯಾವ ಕಡೆಯಿಂದ ಬೇಕಾದರೂ ಬೆಳಕು ಬಿಟ್ಟು ನೋಡಬಹುದು.

ಕಂಪ್ಯೂಟರಿನ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಪಡಿಯಚ್ಚನ್ನು ಸ್ಕ್ಯಾನ್ ಮಾಡಿ ಬಣ್ಣ ತಿರುಗಿಸಿದರೆ ಬಿಳಿಯ ಮೇಲೆ ಕಪ್ಪು ಅಕ್ಷರ ಬರುತ್ತದೆ, ಪುಸ್ತಕ ಓದಿ ರೂಢಿಯಾದ ಕಣ್ಣಿಗೆ ಇದು ಸಲೀಸು. ಆದರೆ ಕುಳಿಯೂ ಕಪ್ಪಾಗಿರುವುದರಿಂದ ಓದಿನ ಕಷ್ಟ ಹಾಗೇ ಇರುತ್ತದೆ. ಇದಕ್ಕಿಂತ ಅಪಾಯದ್ದು ಚಿತ್ರದ ಸಣ್ಣ ಚುಕ್ಕೆಗಳನ್ನು ಒರೆಸಿಹಾಕುವ ಸೌಲಭ್ಯ. ಒಂದು ಗುಂಡಿ ಒತ್ತಿದರೆ ಹಾಳೆ ಲಕಲಕ ಹೊಳೆಯುತ್ತದೆ. ಆದರೆ ಗಾತ್ರ ನೋಡಿ ಚುಕ್ಕೆ ಅಳಿಸುವ ಯಂತ್ರ ಅನುಸ್ವಾರವನ್ನೂ ಅಳಿಸುತ್ತದೆ, ಬ್ರಾಹ್ಮಿಯಲ್ಲಾದರೆ ಮೂರು ಚುಕ್ಕೆಯ ‘ಇ’ಯನ್ನು ಪೂರ್ತಿ ಅಳಿಸುತ್ತದೆ. ಹಾಗೆ ತೊಳೆದ ಚಿತ್ರವನ್ನು ಇಟ್ಟುಕೊಳ್ಳಲಿ, ಮೂಲ ಸ್ಕ್ಯಾನ್ ಅದರ ಪಕ್ಕದಲ್ಲೇ ಇರಬೇಕು.

ಒಂದು ಸೊನ್ನೆಯ ಬೆಲೆ

ಈ ತೊಂದರೆ ಬ್ರಾಹ್ಮಿಗೆ ಮಾತ್ರ ಸೀಮಿತವಲ್ಲ. ನಮ್ಮ ಹಳಗನ್ನಡದ ದಾನಶಾಸನಗಳಲ್ಲಿ ಗದ್ದೆ, ಬೆದ್ದಲುಗಳ ಅಳತೆಯನ್ನು ಅಂಕಿಯಲ್ಲಿ ಕೊಡುವುದುಂಟು. ೧ರ ಬಲಕ್ಕೆ ದುಂಡನೆಯ ಕುಳಿ ಬಿದ್ದರೆ ಅದು ೧೦ ಆಗುತ್ತದೆ, ದಾನ ಹತ್ತು ಪಟ್ಟು ಬೆಳೆಯುತ್ತದೆ. ಅದೇ ಶಾಸನದ ಬೇರೆ ಸೊನ್ನೆಗಳನ್ನು ನೋಡಬೇಕು. ಕೆತ್ತಿದ ಸೊನ್ನೆ ಒಂದು ಬಳೆ, ನಡುವೆ ಕಲ್ಲಿನ ಮೈ ಉಳಿದು ಕಪ್ಪಾಗಿರುತ್ತದೆ. ಕುಳಿ ನಡುವೆಯೂ ಬಿಳಿ.

ವರ್ಷದ ಅಂಕಿಗಳಿಗೆ ಇನ್ನೂ ಗಟ್ಟಿಯಾದ ಪರೀಕ್ಷೆ ಇದೆ. ಶಾಸನ ಬರೆಸಿದವರು ಸಾಮಾನ್ಯವಾಗಿ ಶಕವರ್ಷದ ಜೊತೆ ಸಂವತ್ಸರದ ಹೆಸರನ್ನೂ ಹೇಳುತ್ತಾರೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದ ಶಕ 1039 ಹೇವಿಳಂಬಿ ಸಂವತ್ಸರವನ್ನೇ ತೆಗೆದುಕೊಳ್ಳಿ, ಕ್ರಿಸ್ತಶಕದಲ್ಲಿ ಅದು 1117. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. 1039ಕ್ಕೆ 12 ಕೂಡಿದರೆ 1051, ಶೇಷ 31, ಮೂವತ್ತೊಂದನೆಯದು ಹೇವಿಳಂಬಿ. ಸವೆದ ಪಡಿಯಚ್ಚೊಂದರಲ್ಲಿ ಯಾರಾದರೂ ಇಂಥ ವರ್ಷದ ೩ನ್ನು ೮ ಎಂದು ಓದಿ 1089 ಮಾಡಿದರು ಎನ್ನಿ. ಆಗ ಶೇಷ 21, ಸಂವತ್ಸರ ಸರ್ವಜಿತ್. ಕಲ್ಲಿನ ಮೇಲೆ ಹೇವಿಳಂಬಿ ಎಂದು ಸ್ಪಷ್ಟವಾಗಿದ್ದರೆ ಅಂಕಿಯ ಓದು ತಪ್ಪೆಂದು ತಿಳಿದುಹೋಗುತ್ತದೆ. ಕೆಲವು ಶಾಸನಗಳಲ್ಲಿ ಬರೆದವರ ಲೆಕ್ಕವೇ ಒಂದು ವರ್ಷ ಹಿಂದುಮುಂದಾಗಿರುತ್ತದೆ. ಐವತ್ತು ವರ್ಷದ ತಪ್ಪು ಮಾತ್ರ ಈ ಜರಡಿಯಲ್ಲಿ ಉಳಿಯುವುದಿಲ್ಲ.

ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಎಂದು ಬರೆಯುವುದು

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಚುಕ್ಕೆಗಳು ತೀರ್ಮಾನವಾಗದೆ ಉಳಿಯುತ್ತವೆ. ಅದಕ್ಕಾಗಿ ಶಾಸನ ಸಂಪುಟಗಳಲ್ಲಿ ಚೌಕ ಆವರಣವಿದೆ. ಸವೆದ ಅಥವಾ ಸಂಶಯದ ಅಕ್ಷರವನ್ನು ಅದರೊಳಗೆ ಇಡುತ್ತಾರೆ. ಓದುಗರು ಈ ಆವರಣಗಳನ್ನು ದಾಟಿ ಹೋಗುವುದೇ ಹೆಚ್ಚು. ಊರಿನ ಇತಿಹಾಸವನ್ನು, ಮನೆತನದ ಹಳಮೆಯನ್ನು ಶಾಸನದಿಂದ ಬರೆಯುವವರು ತಾವು ಆಧರಿಸಿದ ಪದ ಆವರಣದೊಳಗಿದೆಯೇ ಎಂದು ಮೊದಲು ನೋಡಬೇಕು. ಆವರಣದೊಳಗಿನ ಅಕ್ಷರದ ಮೇಲೆ ಕಟ್ಟಿದ ವಾದವನ್ನು ಆವರಣವಿಲ್ಲದೆ ಮುಂದಕ್ಕೆ ಸಾಗಿಸಬಾರದು.

ಓದಲಾಗದ್ದನ್ನು ಕುಳಿ ಎಂದು ಬಿಟ್ಟುಬಿಡುವುದೂ ಅಷ್ಟೇ ದೊಡ್ಡ ತಪ್ಪು. ಬ್ರಹ್ಮಗಿರಿ ಶಾಸನದ ಕೊನೆಯಲ್ಲಿ ಬರಹಗಾರ ಚಪಡ ತನ್ನ ಹೆಸರು ಹಾಕಿದ್ದಾನೆ. ‘ಲಿಪಿಕಾರನಿಂದ’ ಎಂಬ ಅರ್ಥದ ಅಲ್ಲಿಯ ಕೊನೆಯ ಪದ ಬ್ರಾಹ್ಮಿಯಲ್ಲಿಲ್ಲ. ಅದು ವಾಯವ್ಯ ಭಾರತದಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿದೆ. ಉಳಿದ ಸಾಲುಗಳ ಯಾವ ಅಕ್ಷರವನ್ನೂ ಹೋಲದ ಆ ಗೆರೆಗಳನ್ನು ಕಲ್ಲಿನ ಗೀರೆಂದು ಒರೆಸಿಹಾಕುವುದು ಸುಲಭವಿತ್ತು. ಜರ್ಮನ್ ವಿದ್ವಾಂಸ ಗೇಯೋರ್ಗ್ ಬ್ಯೂಲರ್ ಅದನ್ನು ಖರೋಷ್ಠಿಯೆಂದು ಗುರುತಿಸಿದರು. ವಾಯವ್ಯದ ಲಿಪಿ ಬಲ್ಲ ಬರಹಗಾರನೊಬ್ಬ ಚಿತ್ರದುರ್ಗದ ಸೀಮೆಯಲ್ಲಿ ಕೆಲಸ ಮಾಡಿದ್ದ ಎಂಬುದು ನಮಗೆ ಗೊತ್ತಾದದ್ದು ಆ ಕೆಲವೇ ಗೆರೆಗಳಿಂದ. ಆದ್ದರಿಂದ ಪಡಿಯಚ್ಚಿಗೆ ಬಣ್ಣ ತುಂಬಿ ತಿದ್ದುವುದು, ಅಡ್ಡ ಬಂದ ಚುಕ್ಕೆಯನ್ನು ಮಸಿಯಿಂದ ಮುಚ್ಚುವುದು ಯಾವ ಕಾಲಕ್ಕೂ ಸಲ್ಲದು.

ಇದೇ ನಿಯಮ ಕಲ್ಲಿಗೂ ಸಲ್ಲುತ್ತದೆ. ಫೋಟೊದಲ್ಲಿ ಚೆನ್ನಾಗಿ ಕಾಣಲೆಂದು ಶಾಸನದ ಅಕ್ಷರಗಳಿಗೆ ಸುಣ್ಣ, ಪೇಂಟ್ ತುಂಬುವ ಅಭ್ಯಾಸ ನಮ್ಮ ಹಲವು ಊರುಗಳಲ್ಲಿದೆ. ಹಾಗೆ ತುಂಬುವವರು ತಮಗೆ ಕಂಡ ಗೆರೆಗಳಿಗೆ ಮಾತ್ರ ಬಣ್ಣ ಹಾಕುತ್ತಾರೆ. ಅವರು ಕುಳಿಗೆ ಬಣ್ಣ ಹಾಕಿದ್ದರೆ ಅದು ಅಕ್ಷರವಾಗಿ ನಿಲ್ಲುತ್ತದೆ, ಅವರಿಗೆ ಕಾಣದ ಅಕ್ಷರ ಇಲ್ಲವಾಗುತ್ತದೆ. ಮುಂದೆ ಬರುವ ಓದುಗನಿಗೆ ಸಿಗುವುದು ಬಣ್ಣ ಹಚ್ಚಿದವರ ಓದು ಮಾತ್ರ, ಕಲ್ಲಿನದಲ್ಲ. ನಿಮ್ಮ ಊರಿನ ಶಾಸನವನ್ನು ಓದಿಸಬೇಕೆಂದಿದ್ದರೆ ನೀರಿನಿಂದ ತೊಳೆಯಿರಿ, ಸಂಜೆಯ ಓರೆ ಬೆಳಕಿನಲ್ಲಿ ನಾಲ್ಕು ದಿಕ್ಕಿನಿಂದ ಫೋಟೊ ತೆಗೆಯಿರಿ, ಬರಹವಿಲ್ಲದ ಅಂಚೂ ಚಿತ್ರದಲ್ಲಿ ಬರುವಂತೆ ನೋಡಿಕೊಳ್ಳಿ. ಪಡಿಯಚ್ಚು ತೆಗೆಯಬಲ್ಲವರು ಬಂದರೆ ಎರಡು ಪ್ರತಿ ತೆಗೆಯಲು ಕೇಳಿ. ಚುಕ್ಕೆ ಯಾವುದು, ಅಕ್ಷರ ಯಾವುದು ಎಂದು ತೂಗಿ ನೋಡಲು ಓದುವವರಿಗೆ ಬೇಕಾದದ್ದು ಅದೇ.